32 ಜಿಬಿಯಲ್ಲಿ ನಿನ್ನ ಪಾಲು ಎರಡೇ

ಫೋನಿನಲ್ಲಿ ಬಸ್ ಟಿಕೆಟ್ ಕಾಯ್ದಿರಿಸುವಾಗ, ಕರೆಂಟ್ ಬಿಲ್ ಕಟ್ಟುವಾಗ, ಆಚೆ ಕಡೆ ದುಡಿಯುವ ಪ್ರೋಗ್ರಾಮುಗಳಲ್ಲಿ ಎಷ್ಟೋ ಈಗ ಕಂಟೈನರ್‌ಗಳ ಒಳಗೆ ಓಡುತ್ತವೆ. ಇಂಥ ಕಂಟೈನರ್‌ಗಳಲ್ಲಿ ಒಂದು ನಡುರಾತ್ರಿ ಸತ್ತುಹೋಯಿತು ಎಂದುಕೊಳ್ಳಿ. ಅದನ್ನು ನೋಡಿಕೊಳ್ಳುವ ಎಂಜಿನಿಯರಿನ ಪರದೆಯ ಮೇಲೆ ಬರುವುದು ಎರಡೇ ಸಂಗತಿ: `OOMKilled` ಎಂಬ ಕಾರಣ, 137 ಎಂಬ ಅಂಕಿ. ಮೆಮೊರಿ ಸಾಲದ್ದಕ್ಕೆ ಕೊಂದೆವು ಎಂದು ಅದರ ಅರ್ಥ. ಆಕೆ ಕಂಟೈನರ್ ಓಡುತ್ತಿದ್ದ ಯಂತ್ರಕ್ಕೆ ಲಾಗಿನ್ ಆಗಿ `free -h` ಕೊಟ್ಟು ನೋಡುತ್ತಾಳೆ. ಒಟ್ಟು 32 ಜಿಬಿ, ಬಳಕೆಗೆ ಸಿಗುವುದು ಇನ್ನೂ 19 ಜಿಬಿ. ಇಷ್ಟೊಂದು ಬಿದ್ದಿರುವಾಗ ಸಾಲದೇ ಹೋದದ್ದು ಹೇಗೆ?

ಲೆಕ್ಕ ತಪ್ಪಿಲ್ಲ, ಎರಡೂ ನಿಜ. ಯಂತ್ರದಲ್ಲಿ ಮೆಮೊರಿ ಇತ್ತು, ಕಂಟೈನರಿಗೆ ಮೆಮೊರಿ ಇರಲಿಲ್ಲ. ಗೋದಾಮಿನಲ್ಲಿ ಅಕ್ಕಿ ಮೂಟೆ ರಾಶಿ ಬಿದ್ದಿದ್ದರೂ ರೇಷನ್ ಕಾರ್ಡಿನ ಈ ತಿಂಗಳ ಪಾಲು ಮುಗಿದಿದ್ದರೆ ಅಂಗಡಿಯವನು ಕೈ ಆಡಿಸಿಬಿಡುತ್ತಾನಲ್ಲ, ಹಾಗೆ. ವ್ಯತ್ಯಾಸ ಒಂದೇ. ನ್ಯಾಯಬೆಲೆ ಅಂಗಡಿಯವನು ಇಲ್ಲ ಎಂದು ಹೇಳಿ ಕಳಿಸುತ್ತಾನೆ, ಲಿನಕ್ಸ್ ಕರ್ನಲ್ ಕೇಳಿದವನನ್ನೇ ಮುಗಿಸಿಬಿಡುತ್ತದೆ.

ಕಂಟೈನರ್ ಎಂದರೆ ಯಂತ್ರದೊಳಗಿನ ಇನ್ನೊಂದು ಪುಟ್ಟ ಯಂತ್ರ ಎಂಬ ಕಲ್ಪನೆ ಬಹಳ ಜನರಿಗಿದೆ. ಈ ಗೊಂದಲದ ಬೇರು ಅಲ್ಲೇ ಇದೆ. ಅದು ಯಂತ್ರವಲ್ಲ. ಅದಕ್ಕೆ ತನ್ನದೇ ಕರ್ನಲ್ ಇಲ್ಲ, ತನ್ನದೇ ಮೆಮೊರಿ ಚಿಪ್ಪೂ ಇಲ್ಲ. ಲಿನಕ್ಸ್‌ನ ಸಾಮಾನ್ಯ ಪ್ರೋಗ್ರಾಮುಗಳನ್ನೇ ಒಂದು ಗುಂಪು ಮಾಡಿ, ಆ ಗುಂಪು ಏನನ್ನು ನೋಡಬಹುದು, ಎಷ್ಟನ್ನು ಬಳಸಬಹುದು ಎಂದು ಕರ್ನಲ್ ಕಟ್ಟುಪಾಡು ಹಾಕಿರುತ್ತದೆ, ಅಷ್ಟೆ. ಏನನ್ನು ನೋಡಬಹುದು ಎಂಬುದನ್ನು ನಿರ್ಧರಿಸುವ ಏರ್ಪಾಡು ಒಂದು, ಎಷ್ಟನ್ನು ಬಳಸಬಹುದು ಎಂಬುದನ್ನು ನಿರ್ಧರಿಸುವ ಏರ್ಪಾಡು ಇನ್ನೊಂದು. ಇವೆರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ ಬೆಳೆದವು. ಹಾಗಾಗಿ ಅವುಗಳ ನಡುವೆ ಒಂದು ಬಿರುಕು ಉಳಿದುಬಿಟ್ಟಿದೆ.

ಎಷ್ಟು ಬಳಸಬಹುದು ಎಂದು ಹೇಳುವ ಏರ್ಪಾಡಿನ ಹೆಸರು ಸಿಗ್ರೂಪ್. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಈ ಕೆಲಸ ಶುರುಮಾಡಿದರು. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಅದು ಕರ್ನಲ್‌ನ ಭಾಗವಾಯಿತು. ಮೆಮೊರಿಯ ಲೆಕ್ಕ ಇಡುವ ಅಂಗ ಅದರ ಮುಂದಿನ ಆವೃತ್ತಿಯಲ್ಲಿ ಸೇರಿತು. ಅದರ ಹಿಂದೆ ಮುಖ್ಯವಾಗಿ ದುಡಿದವರು ಐಬಿಎಂನ ಬಲ್ಬೀರ್ ಸಿಂಗ್. ಇವತ್ತು ಡಾಕರ್ ಆಗಲಿ ಕುಬರ್ನೆಟಿಸ್ ಆಗಲಿ ಕಂಟೈನರಿಗೆ ಮೆಮೊರಿ ಲಿಮಿಟ್ ಹಾಕಿದೆವು ಎಂದರೆ, ಅವು ಮಾಡುವುದು ಇಷ್ಟೇ: ಆ ಗುಂಪಿನ ಹೆಸರಿನಲ್ಲಿರುವ ಒಂದು ಕಡತದಲ್ಲಿ ಒಂದು ಅಂಕಿ ಬರೆಯುತ್ತವೆ. ಹೊಸ ಸಿಗ್ರೂಪ್‌ನಲ್ಲಿ, ಎಂದರೆ ಎರಡನೇ ಆವೃತ್ತಿಯಲ್ಲಿ, ಆ ಕಡತದ ಹೆಸರು `memory.max`. ಲಿಮಿಟ್ 2 ಜಿಬಿ ಆಗಿದ್ದರೆ ಅದರಲ್ಲಿ 2147483648 ಎಂದು ಬರೆದಿರುತ್ತದೆ. ಆಮೇಲೆ ಕಾವಲು ಕಾಯುವುದು ಕರ್ನಲ್ ಒಂದೇ. ಕುಬರ್ನೆಟಿಸ್ ಯಾರನ್ನೂ ಕೊಲ್ಲುವುದಿಲ್ಲ, ಸತ್ತ ಮೇಲೆ ಸುದ್ದಿ ಬರೆದುಕೊಳ್ಳುತ್ತದೆ.

ಕೊಲೆ ನಡೆಯುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಪ್ರೋಗ್ರಾಮು ನನಗೆ 100 ಎಂಬಿ ಬೇಕು ಎಂದು ಕೇಳಿದಾಗ ಕರ್ನಲ್ ಸಾಮಾನ್ಯವಾಗಿ ಆಯಿತು ಎನ್ನುತ್ತದೆ. ಆದರೆ ಆ ಕ್ಷಣದಲ್ಲಿ ಏನನ್ನೂ ಕೊಡುವುದಿಲ್ಲ, ವಿಳಾಸಗಳನ್ನಷ್ಟೇ ಕೊಡುತ್ತದೆ. ಪ್ರೋಗ್ರಾಮು ಆ ವಿಳಾಸದಲ್ಲಿ ಮೊದಲ ಸಲ ಏನಾದರೂ ಬರೆಯಲು ಹೋದಾಗ 4 ಕೆಬಿಯ ಒಂದು ನಿಜವಾದ ಪುಟ ಹುಡುಕಿ ಕೊಡುತ್ತದೆ, ಆಗ ಅದನ್ನು ಗುಂಪಿನ ಖಾತೆಗೆ ಹಾಕುತ್ತದೆ. ಖಾತೆ ಲಿಮಿಟ್ ದಾಟುವಂತಿದ್ದರೆ ಮೊದಲು ಆ ಗುಂಪಿನೊಳಗೇ ಬಿಡಿಸಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತದೆ. ಡಿಸ್ಕಿನಿಂದ ಓದಿ ಇಟ್ಟುಕೊಂಡ ಕಡತಗಳ ನಕಲು ಇದ್ದರೆ ಅದನ್ನು ಬಿಸಾಡಬಹುದು, ಬೇಕಾದಾಗ ಮತ್ತೆ ಓದಿಕೊಂಡರಾಯಿತು. ಹಲವು ಸಲ ಹುಡುಕಿದರೂ ಏನೂ ಸಿಗದಿದ್ದರೆ, ಆ ಗುಂಪಿನಲ್ಲಿ ಹೆಚ್ಚು ಮೆಮೊರಿ ಹಿಡಿದವನನ್ನು ಆರಿಸಿ 9ನೇ ನಂಬರಿನ ಸಿಗ್ನಲ್ ಕಳಿಸುತ್ತದೆ. ಅದನ್ನು ತಡೆಯುವುದಕ್ಕೆ ಯಾವ ಪ್ರೋಗ್ರಾಮಿಗೂ ಆಗದು. 128ಕ್ಕೆ 9 ಕೂಡಿಸಿದರೆ 137, ಆ ಅಂಕಿ ಬಂದದ್ದು ಹೀಗೆ.

ಇಷ್ಟೂ ಹೊತ್ತಿನಲ್ಲಿ ಯಂತ್ರದ ಉಳಿದ 19 ಜಿಬಿಯ ಕಡೆಗೆ ಕರ್ನಲ್ ತಿರುಗಿಯೂ ನೋಡಿಲ್ಲ ಎಂಬುದನ್ನು ಗಮನಿಸಿ. ಪ್ರಶ್ನೆ ಇದ್ದದ್ದು ಗುಂಪಿನ ಖಾತೆಯದು ಮಾತ್ರ. ಇನ್ನೊಂದು ಮಾತು: ಮೆಮೊರಿ ಕೇಳುವ ಹೊತ್ತಿಗೆ ಇಲ್ಲ ಎಂಬ ಉತ್ತರ ಬರುವುದಿಲ್ಲವಾದ್ದರಿಂದ, ಪ್ರೋಗ್ರಾಮಿಗೆ ಎಚ್ಚರವಾಗುವ ಅವಕಾಶವೇ ಇಲ್ಲ. ಅದರ ಲಾಗ್ ಒಂದು ಸಾಲಿನ ಮಧ್ಯದಲ್ಲಿ ನಿಂತಿರುತ್ತದೆ. ಜಾವಾ ಬರೆಯುವವರು ಹುಡುಕುವ `OutOfMemoryError` ಅಲ್ಲಿ ಸಿಗುವುದಿಲ್ಲ, ಏಕೆಂದರೆ ಜಾವಾದ ಲೆಕ್ಕದಲ್ಲಿ ಮೆಮೊರಿ ಮುಗಿದೇ ಇರಲಿಲ್ಲ.

ಜಾವಾದ ಲೆಕ್ಕದಲ್ಲಿ ಏಕೆ ಮುಗಿದಿರಲಿಲ್ಲ ಎಂಬುದರಲ್ಲಿ ನಿಜವಾದ ಸ್ವಾರಸ್ಯ ಇದೆ. ಕಂಟೈನರ್ ಒಳಗೆ ಕೂತು `free` ಕೊಟ್ಟರೂ ಅಥವಾ `/proc/meminfo` ಓದಿದರೂ ಕಾಣುವುದು ಇಡೀ ಯಂತ್ರದ 32 ಜಿಬಿ. ಈ ಕಡತ ಸಿಗ್ರೂಪ್‌ಗಿಂತ ಹಳೆಯದು, ಗುಂಪುಗಳ ಗೊಡವೆ ಅದಕ್ಕಿಲ್ಲ. ಅಂದರೆ ಕಂಟೈನರ್ ನೋಡುವ ಅಂಕಿ ಒಂದು, ಅದನ್ನು ಕೊಲ್ಲುವ ಅಂಕಿ ಇನ್ನೊಂದು. ಯಂತ್ರದ ಮೆಮೊರಿ ನೋಡಿ ಅದರ ಇಂತಿಷ್ಟು ಭಾಗ ತನಗೆ ಎಂದು ಮೊದಲೇ ಯೋಜನೆ ಹಾಕಿಕೊಳ್ಳುವ ಪ್ರೋಗ್ರಾಮುಗಳಿಗೆ ಇದು ಮಾರಕ. ಜಾವಾ ಅವುಗಳಲ್ಲಿ ಹೆಸರಾಂತದ್ದು. ಬೇರೇನೂ ಹೇಳದಿದ್ದರೆ ಅದು ತನ್ನ ಹೀಪ್, ಎಂದರೆ ದತ್ತಾಂಶ ಇಟ್ಟುಕೊಳ್ಳುವ ಮುಖ್ಯ ಜಾಗ, ಯಂತ್ರದ ಮೆಮೊರಿಯ ನಾಲ್ಕನೇ ಒಂದು ಭಾಗದವರೆಗೆ ಬೆಳೆಯಬಹುದು ಎಂದು ತೀರ್ಮಾನಿಸುತ್ತದೆ.

ಜಾವಾ ತಂಡದವರು ಇದನ್ನು 2018ರಲ್ಲಿ ಸರಿಪಡಿಸಿದರು. ಜೆಡಿಕೆ 10ರಿಂದ ಜಾವಾ ತಾನು ಕಂಟೈನರಿನಲ್ಲಿದ್ದೇನೆಯೇ ಎಂದು ನೋಡಿ, ಸಿಗ್ರೂಪ್‌ನ ಅಂಕಿಯನ್ನು ಓದಿಕೊಳ್ಳತೊಡಗಿತು. ಅದೇ ವರ್ಷ ಹಳೆಯ ಜಾವಾ 8ಕ್ಕೂ 8u191 ಎಂಬ ಆವೃತ್ತಿಯ ಮೂಲಕ ಈ ತಿದ್ದುಪಡಿ ಬಂತು. ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಮುಗಿದಿರಲಿಲ್ಲ.

ಆ ಜಾವಾ ಓದಲು ಕಲಿತದ್ದು ಸಿಗ್ರೂಪ್‌ನ ಮೊದಲನೇ ಆವೃತ್ತಿಯನ್ನು. ಅಲ್ಲಿ ಲಿಮಿಟ್ ಇರುವ ಕಡತದ ಹೆಸರು `memory.limit_in_bytes`, ಇರುವ ಜಾಗವೂ ಬೇರೆ. ಎರಡನೇ ಆವೃತ್ತಿಯನ್ನು ಓದುವ ಶಕ್ತಿ ಬಂದದ್ದು 2020ರ ಜೆಡಿಕೆ 15ರಲ್ಲಿ. ಜಾವಾ 11ಕ್ಕೆ ಅದು 11.0.16ರಲ್ಲಿ, ಜಾವಾ 8ಕ್ಕೆ 2023ರ ಏಪ್ರಿಲ್‌ನಲ್ಲಿ ಬಂದ 8u372ರಲ್ಲಿ ಸೇರಿತು. ಇತ್ತ ಲಿನಕ್ಸ್ ವಿತರಣೆಗಳು ಎರಡನೇ ಆವೃತ್ತಿಗೆ ಬದಲಾಗುತ್ತಿದ್ದವು. ಉಬುಂಟು 20.04ರಲ್ಲಿ ಮೊದಲನೆಯದು ರೂಢಿಯಲ್ಲಿತ್ತು, 22.04ರಲ್ಲಿ ಎರಡನೆಯದು.

ಈಗ ನಮ್ಮ ಕಂಟೈನರಿಗೆ ಬರೋಣ. ಅದು ಬಿಲ್ ತಯಾರಿಸುವ ಒಂದು ಜಾವಾ ಸೇವೆ, ಆವೃತ್ತಿ 8u352, ಲಿಮಿಟ್ 2 ಜಿಬಿ ಎಂದು ಇಟ್ಟುಕೊಳ್ಳೋಣ. ಹಳೆಯ ಯಂತ್ರದಲ್ಲಿ ಜಾವಾ 2 ಜಿಬಿ ಎಂದು ಸರಿಯಾಗಿ ಓದಿ, ಅದರ ಕಾಲು ಭಾಗ 512 ಎಂಬಿಗೆ ಹೀಪ್ ಕಟ್ಟಿಕೊಂಡಿತ್ತು. 512 ತುಂಬುತ್ತ ಬಂದಾಗ ಗಾರ್ಬೇಜ್ ಕಲೆಕ್ಟರ್ ಎದ್ದು ಬೇಡದ್ದನ್ನು ತೆಗೆದುಹಾಕುತ್ತಿತ್ತು, ಸೇವೆ ತಣ್ಣಗೆ ನಡೆದುಕೊಂಡು ಹೋಗುತ್ತಿತ್ತು. ಒಂದು ಶನಿವಾರ ಇನ್ನೊಂದು ತಂಡ ಯಂತ್ರಗಳನ್ನು 20.04ರಿಂದ 22.04ಕ್ಕೆ ಬದಲಿಸುತ್ತದೆ. ಸೇವೆಯ ಕೋಡ್ ಒಂದಕ್ಷರ ಬದಲಾಗಿಲ್ಲ, ಲಿಮಿಟ್ ಬದಲಾಗಿಲ್ಲ, ಜಾವಾ ಬದಲಾಗಿಲ್ಲ. ಆದರೆ ಹೊಸ ಯಂತ್ರದಲ್ಲಿ ಆ ಜಾವಾ ಹುಡುಕುವ ಕಡತವೇ ಇಲ್ಲ. ಲಿಮಿಟ್ ಇಲ್ಲವೆಂದು ತಿಳಿದು 32 ಜಿಬಿಯನ್ನು ನೋಡುತ್ತದೆ, ಕಾಲು ಭಾಗ 8 ಜಿಬಿ ತನ್ನದೆಂದುಕೊಳ್ಳುತ್ತದೆ. ಎಂಟರವರೆಗೆ ಜಾಗ ಇರುವಾಗ ಗಾರ್ಬೇಜ್ ಕಲೆಕ್ಟರಿಗೆ ಆತುರ ಏನು? ಬೇಡದ್ದೂ ಬೇಕಾದ್ದೂ ಒಟ್ಟಿಗೆ ಬೆಳೆಯುತ್ತ ಹೋಗಿ ಎರಡು ಮುಟ್ಟುತ್ತವೆ, ಅಲ್ಲಿಗೆ ಮುಗಿಯಿತು. ಮತ್ತೆ ಶುರುವಾಗುತ್ತದೆ, ಮತ್ತೆ ಬೆಳೆಯುತ್ತದೆ, ಮತ್ತೆ ಸಾಯುತ್ತದೆ. ಸೋಮವಾರ ಎಲ್ಲರೂ ಕೋಡಿನಲ್ಲಿ ಮೆಮೊರಿ ಸೋರಿಕೆ ಹುಡುಕುತ್ತ ಕೂರುತ್ತಾರೆ. ಸೋರಿಕೆ ಇಲ್ಲವೇ ಇಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ. ಮೊದಲ ಜಾಗ ಯಂತ್ರದ ಕರ್ನಲ್ ಲಾಗ್, `dmesg`. ನಮ್ಮ ಸೇವೆಯ ಸಾವು ಅಲ್ಲಿ ಹೀಗೆ ದಾಖಲಾಗಿರುತ್ತದೆ. ಉದ್ದದ ಸಾಲುಗಳನ್ನು ಕತ್ತರಿಸಿದ್ದೇನೆ:

```
memory: usage 2097152kB, limit 2097152kB, failcnt 1843
oom-kill:constraint=CONSTRAINT_MEMCG,...,task=java,pid=23817
Memory cgroup out of memory: Killed process 23817 (java)
```

ಕೊನೆಯ ಸಾಲಿನ ಮೊದಲ ಎರಡು ಪದಗಳೇ ತೀರ್ಪು. `Memory cgroup` ಎಂದಿದ್ದರೆ ಗುಂಪಿನ ಲಿಮಿಟ್ ಮುಟ್ಟಿ ಸತ್ತದ್ದು. ಅವೆರಡು ಪದಗಳಿಲ್ಲದೆ ಸಾಲು ನೇರವಾಗಿ `Out of memory` ಎಂದು ಶುರುವಾಗಿದ್ದು, ಮೇಲಿನ ಸಾಲಿನಲ್ಲಿ `CONSTRAINT_NONE` ಇದ್ದರೆ ಆಗ ಇಡೀ ಯಂತ್ರದ ಮೆಮೊರಿಯೇ ಬರಿದಾಗಿದೆ ಎಂದು ತಿಳಿಯಬೇಕು. ಎರಡಕ್ಕೂ ಮದ್ದು ಬೇರೆ. ಕುಬರ್ನೆಟಿಸ್‌ನಲ್ಲಿ ಮೂರನೆಯದೊಂದು ಇದೆ: ಯಂತ್ರದ ಮೆಮೊರಿ ತೀರಾ ಕಡಿಮೆಯಾದರೆ ಅದರ ಕಾವಲುಗಾರ ಕೂಬ್ಲೆಟ್ ತಾನಾಗಿ ಕೆಲವನ್ನು ಹೊರಹಾಕುತ್ತದೆ, ಆಗ ಕಾರಣ `Evicted` ಎಂದು ಬರುತ್ತದೆ. ಹಾಗೆಯೇ 137 ಕಂಡ ಮಾತ್ರಕ್ಕೆ ಮೆಮೊರಿ ಎಂದು ನಿರ್ಧರಿಸುವುದೂ ತಪ್ಪು. ನಿಲ್ಲು ಎಂದರೂ ಹೇಳಿದ ಸಮಯದೊಳಗೆ ನಿಲ್ಲದ ಕಂಟೈನರನ್ನು ಬಲವಂತವಾಗಿ ನಿಲ್ಲಿಸಿದಾಗಲೂ ಇದೇ ಅಂಕಿ ಬರುತ್ತದೆ.

ಎರಡನೆಯ ಜಾಗ ಕಂಟೈನರಿನ ಒಳಗೆ. ಸಿಗ್ರೂಪ್ ಎರಡನೇ ಆವೃತ್ತಿಯ ಯಂತ್ರದಲ್ಲಿ ಈ ಕಡತಗಳನ್ನು ಓದಿ, ಜಾವಾ ಏನು ಅಂದುಕೊಂಡಿದೆ ಎಂದು ಅದನ್ನೇ ಕೇಳಬಹುದು:

```
cat /sys/fs/cgroup/memory.max
cat /sys/fs/cgroup/memory.current
java -XX:+PrintFlagsFinal -version | grep MaxHeapSize
```

ಮೊದಲನೆಯದು 2 ಜಿಬಿ ಎಂದು, ಕೊನೆಯದು ಸುಮಾರು 8 ಜಿಬಿ ಎಂದು ಹೇಳಿದರೆ ಹುಡುಕಾಟ ಅಲ್ಲಿಗೆ ನಿಲ್ಲಿಸಬಹುದು.

ಗ್ರಾಫ್ ನೋಡಿ ಪತ್ತೆ ಮಾಡುತ್ತೇನೆ ಎಂಬುವವರಿಗೆ ಎರಡು ಎಚ್ಚರಿಕೆ. ಮೆಮೊರಿ ಗ್ರಾಫು ಅರ್ಧ ನಿಮಿಷಕ್ಕೊಮ್ಮೆ ಅಂಕಿ ತೆಗೆದುಕೊಳ್ಳುವಂತಿದ್ದರೆ, ಎರಡು ಸೆಕೆಂಡಿನಲ್ಲಿ 1.2ರಿಂದ 2 ಜಿಬಿಗೆ ಹಾರಿ ಸತ್ತದ್ದು ಅದರಲ್ಲಿ ಕಾಣುವುದೇ ಇಲ್ಲ. ಗ್ರಾಫು 1.2ರಲ್ಲಿ ನೆಟ್ಟಗೆ ನಿಂತು ತುಂಡಾಗಿರುತ್ತದೆ. ಲಿಮಿಟ್‌ನ ಹತ್ತಿರವೇ ಬಂದಿಲ್ಲವಲ್ಲ ಎಂಬ ವಾದ ಆಗ ಶುರುವಾಗುತ್ತದೆ. ಇನ್ನೊಂದು ಇದರ ತಿರುಗುಮುರುಗು. ದೊಡ್ಡ ಕಡತಗಳನ್ನು ಓದುವ ಕಂಟೈನರಿನಲ್ಲಿ `memory.current` ಯಾವಾಗಲೂ ಲಿಮಿಟ್‌ಗೆ ಅಂಟಿಕೊಂಡೇ ಇರಬಹುದು, ಆದರೂ ಅದು ವರ್ಷಗಟ್ಟಲೆ ಬದುಕಿರುತ್ತದೆ. ಏಕೆಂದರೆ ಅದರಲ್ಲಿ ಬಹುಪಾಲು ಬೇಕಾದಾಗ ಬಿಸಾಡಬಹುದಾದ ಕಡತಗಳ ನಕಲು. ಬಿಸಾಡಲಾಗದ್ದು ಎಷ್ಟು ಎಂದು ತಿಳಿಯಲು `memory.stat` ಕಡತದಲ್ಲಿ `anon` ಎಂಬ ಸಾಲನ್ನು ನೋಡಬೇಕು, ಪ್ರೋಗ್ರಾಮು ತಾನೇ ಸೃಷ್ಟಿಸಿಕೊಂಡ ದತ್ತಾಂಶ ಅದು. ಅದರ ಜೊತೆಗೆ `shmem`. ಕುಬರ್ನೆಟಿಸ್‌ನಲ್ಲಿ ವೇಗಕ್ಕೆಂದು ಡಿಸ್ಕಿನ ಬದಲು ಮೆಮೊರಿಯಲ್ಲೇ ತಾತ್ಕಾಲಿಕ ಫೋಲ್ಡರ್ ಮಾಡಿಕೊಂಡಿದ್ದರೆ, ಅಲ್ಲಿಗೆ ಬರೆದ ಪ್ರತಿಯೊಂದು ಕಡತವೂ ಈ ಖಾತೆಯಲ್ಲಿ ಕೂತಿರುತ್ತದೆ. ಹೆಸರಿಗೆ ಕಡತ, ಲೆಕ್ಕಕ್ಕೆ ಮೆಮೊರಿ. ಅಳಿಸುವವರೆಗೆ ಬಿಡುವುದಿಲ್ಲ.

ನಮ್ಮ ಬಿಲ್ ಸೇವೆಗೆ ಮದ್ದು ಜಾವಾವನ್ನು 8u372 ಅಥವಾ ಅದರ ನಂತರದ್ದಕ್ಕೆ ಏರಿಸುವುದು. ಅದಾದ ಮೇಲೆ 2 ಜಿಬಿಯ ಕಾಲು ಭಾಗ ತುಂಬಾ ಕಡಿಮೆ ಅನ್ನಿಸಿದರೆ `-XX:MaxRAMPercentage=65.0` ಎಂದು ಕೊಟ್ಟು ಹೀಪನ್ನು 1.3 ಜಿಬಿವರೆಗೆ ಬಿಡಬಹುದು. ಪೂರ್ತಿ 2 ಜಿಬಿಯನ್ನೂ ಹೀಪಿಗೇ ಕೊಟ್ಟುಬಿಡೋಣ ಎಂದು ಹಲವರು `-Xmx2g` ಹಾಕುತ್ತಾರೆ, ಅದೂ ಸಾಯುತ್ತದೆ. ಹೀಪಿನ ಹೊರಗೂ ಜಾವಾಕ್ಕೆ ಖರ್ಚಿದೆ: ಲೋಡ್ ಮಾಡಿದ ಕ್ಲಾಸುಗಳ ವಿವರ, ಪ್ರತಿ ಥ್ರೆಡ್ಡಿನ ಸ್ಟ್ಯಾಕ್, ಯಂತ್ರಭಾಷೆಗೆ ಬದಲಿಸಿಟ್ಟ ಕೋಡ್, ನೆಟ್‌ವರ್ಕಿಗೆ ಬಳಸುವ ಬಫರುಗಳು. ಎಲ್ಲ ಸೇರಿ ನಾಲ್ಕೈದು ನೂರು ಎಂಬಿ ಆಗುವುದು ಅಪರೂಪವೇನಲ್ಲ. ಸಿಗ್ರೂಪ್ ಇವೆಲ್ಲವನ್ನೂ ಒಂದೇ ಖಾತೆಗೆ ಬರೆಯುತ್ತದೆ.

ಅಷ್ಟೆಲ್ಲ ಏಕೆ, 19 ಜಿಬಿ ಸುಮ್ಮನೆ ಬಿದ್ದಿತ್ತಲ್ಲ, ಲಿಮಿಟ್ ತೆಗೆದೇ ಬಿಡಬಾರದೇ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ಅರ್ಥವಿದೆ. ಆದರೆ ಆ 19 ಜಿಬಿ ಯಾರದೂ ಅಲ್ಲದ್ದಲ್ಲ. ಕುಬರ್ನೆಟಿಸ್‌ನಲ್ಲಿ ಪ್ರತಿ ಕಂಟೈನರಿಗೂ ಎರಡು ಅಂಕಿ ಬರೆಯುತ್ತಾರೆ. ರಿಕ್ವೆಸ್ಟ್ ಎಂದರೆ ಇಷ್ಟಂತೂ ಬೇಕು ಎಂಬುದು, ಲಿಮಿಟ್ ಎಂದರೆ ಇದಕ್ಕಿಂತ ಹೆಚ್ಚು ಕೂಡದು ಎಂಬುದು. ಯಾವ ಯಂತ್ರಕ್ಕೆ ಯಾವ ಕಂಟೈನರ್ ಎಂದು ನಿರ್ಧರಿಸುವ ಶೆಡ್ಯೂಲರ್ ನೋಡುವುದು ರಿಕ್ವೆಸ್ಟನ್ನು ಮಾತ್ರ, ಲಿಮಿಟ್ ಆಗಲಿ ನಿಜವಾದ ಬಳಕೆಯಾಗಲಿ ಅದಕ್ಕೆ ಲೆಕ್ಕವಿಲ್ಲ. 1 ಜಿಬಿ ರಿಕ್ವೆಸ್ಟ್, 2 ಜಿಬಿ ಲಿಮಿಟ್ ಇರುವ ಇಪ್ಪತ್ತು ಕಂಟೈನರ್‌ಗಳನ್ನು ಒಂದೇ 32 ಜಿಬಿ ಯಂತ್ರದ ಮೇಲೆ ಅದು ಆರಾಮಾಗಿ ಕೂರಿಸುತ್ತದೆ. ರಿಕ್ವೆಸ್ಟುಗಳ ಮೊತ್ತ 20, ಲಿಮಿಟ್‌ಗಳ ಮೊತ್ತ 40. ಎಲ್ಲರೂ ಒಟ್ಟಿಗೆ ಲಿಮಿಟ್ ಮುಟ್ಟುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಈಗ ಖಾಲಿ ಕಾಣುವ ಮೆಮೊರಿ ಇನ್ನೊಂದು ಗಳಿಗೆಯಲ್ಲಿ ಯಾರಿಗೋ ಬೇಕಾಗುತ್ತದೆ. ಒಂದು ಸೇವೆಯ ಲಿಮಿಟ್ ತೆಗೆದು, ಅದರಲ್ಲಿ ನಿಜಕ್ಕೂ ಸೋರಿಕೆ ಇದ್ದರೆ, ಅದು ಯಂತ್ರವನ್ನೇ ಖಾಲಿ ಮಾಡುತ್ತದೆ. ಆಗ ಆರಿಸುವ ಕಣ ಇಡೀ ಯಂತ್ರ, ಏನೂ ತಪ್ಪು ಮಾಡದ ಪಕ್ಕದ ಕಂಟೈನರಿಗೂ ಏಟು ಬೀಳಬಹುದು.

ಹಾಗಾಗಿ ಮುಖ್ಯವಾದ ಸೇವೆಗಳಿಗೆ ರಿಕ್ವೆಸ್ಟನ್ನೂ ಲಿಮಿಟನ್ನೂ ಒಂದೇ ಅಂಕಿಗೆ ಇಡುವುದು ನನಗೆ ಸರಿ ಕಾಣುತ್ತದೆ. ಯಂತ್ರದಲ್ಲಿ ಒಂದಷ್ಟು ಮೆಮೊರಿ ಬಳಕೆಯಾಗದೆ ಉಳಿಯುತ್ತದೆ, ಹಣದ ಲೆಕ್ಕ ಹಾಕುವವರು ಗೊಣಗುತ್ತಾರೆ. ಆದರೆ ಕೊಟ್ಟ ಅಂಕಿಗೆ ಹಿಂದೆ ನಿಜವಾದ ಮೆಮೊರಿ ಇದೆ ಎಂಬ ಭರವಸೆ ಸಿಗುತ್ತದೆ. ಹಾಗೆ ಮಾಡಿದರೂ ಲಿಮಿಟ್ ಮುಟ್ಟಿದರೆ ಸಾವು ತಪ್ಪದು. ಯಂತ್ರ ಬರಿದಾದಾಗ ಸಿಗುವ ರಕ್ಷಣೆ ಅದು, ಸ್ವಂತ ಖಾತೆ ಬರಿದಾದಾಗ ಸಿಗುವುದಲ್ಲ.

ಇನ್ನು ಒಂದು ಬಗೆಯ ಸಾವು ಯಾವ ಪರದೆಯ ಮೇಲೂ ಬಾರದೆ ಹೋಗುವುದುಂಟು. ಕಂಟೈನರಿನಲ್ಲಿ ಒಂದು ಮುಖ್ಯ ಪ್ರೋಗ್ರಾಮು, ಅದರ ಕೈಕೆಳಗೆ ನಾಲ್ಕು ವರ್ಕರ್‌ಗಳು ಇರುತ್ತವೆ. ಪೈಥಾನ್ ವೆಬ್ ಸೇವೆಗಳಲ್ಲಿ ಇದು ಮಾಮೂಲು. ಕರ್ನಲ್ ಆರಿಸುವುದು ಹೆಚ್ಚು ತಿಂದ ವರ್ಕರನ್ನು. ಅದು ಸತ್ತರೆ ಮುಖ್ಯ ಪ್ರೋಗ್ರಾಮು ತಕ್ಷಣ ಇನ್ನೊಂದನ್ನು ಹುಟ್ಟಿಸುತ್ತದೆ. ಕಂಟೈನರ್ ನಿಂತಿಲ್ಲ, ಆದ್ದರಿಂದ `OOMKilled` ಇಲ್ಲ, 137 ಇಲ್ಲ. ಆಗೊಮ್ಮೆ ಈಗೊಮ್ಮೆ ಬಳಕೆದಾರರೊಬ್ಬರ ಬೇಡಿಕೆ ಅರ್ಧದಲ್ಲಿ ಕಡಿದುಹೋಗುತ್ತದೆ, ಅಷ್ಟೆ. ಸಿಗ್ರೂಪ್ ಎರಡನೇ ಆವೃತ್ತಿ ಇರುವ ಯಂತ್ರಗಳಲ್ಲಿ ಕುಬರ್ನೆಟಿಸ್ 1.28ರಿಂದ ಈ ಪದ್ಧತಿ ಬದಲಾಗಿದೆ: ಒಬ್ಬನನ್ನು ಕೊಲ್ಲಬೇಕಾದಾಗ `memory.oom.group` ಎಂಬ ಗುರುತಿನ ಮೂಲಕ ಇಡೀ ಗುಂಪನ್ನೇ ಮುಗಿಸುತ್ತದೆ. ಅದಕ್ಕಿಂತ ಹಳೆಯ ವ್ಯವಸ್ಥೆ ನಡೆಸುತ್ತಿರುವವರು, ಎರಡನೇ ಆವೃತ್ತಿಯ ಯಂತ್ರವಾಗಿದ್ದರೆ, ಕಂಟೈನರಿನೊಳಗೆ `memory.events` ಕಡತವನ್ನು ತೆರೆದು `oom_kill` ಎಂಬ ಸಾಲಿನ ಮುಂದಿರುವ ಅಂಕಿ ಸೊನ್ನೆಯೇ ಎಂದು ನೋಡಬೇಕು. ಸೊನ್ನೆಯಲ್ಲದಿದ್ದರೆ, ಎಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತಿರುವ ಆ ಕಂಟೈನರಿನಲ್ಲಿ ಅಷ್ಟು ವರ್ಕರ್‌ಗಳು ಆಗಲೇ ಸತ್ತಿವೆ.